ಸೂರ್ಯನ ಕೋಷ್ಟಕದಲ್ಲಿ ಚಂದ್ರನ ಹಬ್ಬ

2015ರ ಅಕ್ಟೋಬರ್ ತಿಂಗಳಿನಲ್ಲಿ ಭಾರತದ ಕೈಗಾರಿಕಾ ಉತ್ಪಾದನೆ ಹಿಂದಿನ ವರ್ಷದ ಅಕ್ಟೋಬರ್‌ಗಿಂತ ಶೇಕಡಾ 9.8ರಷ್ಟು ಹೆಚ್ಚಿದೆ ಎಂದು ಕೇಂದ್ರ ಸಾಂಖ್ಯಿಕ ಕಚೇರಿ ಮೊದಲ ಅಂದಾಜಿನಲ್ಲಿ ಪ್ರಕಟಿಸಿತು. ಮರುತಿಂಗಳಿನ ಅಂಕಿ ಹೊರಬಿದ್ದಾಗ ಚಿತ್ರ ತಲೆಕೆಳಗಾಗಿತ್ತು. 2015ರ ನವೆಂಬರ್‌ನ ಉತ್ಪಾದನೆ 2014ರ ನವೆಂಬರ್‌ಗಿಂತ ಶೇಕಡಾ 3.2ರಷ್ಟು ಕಡಿಮೆ! ಒಂದೇ ತಿಂಗಳಲ್ಲಿ ದೇಶದ ಕಾರ್ಖಾನೆಗಳಿಗೆ ಏನಾಯಿತು? ಇದಕ್ಕೆ ಉತ್ತರದ ಬಹುಭಾಗ ಸಿಗುವುದು ಅರ್ಥಶಾಸ್ತ್ರದ ಪುಸ್ತಕದಲ್ಲಲ್ಲ, ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ. 2014ರಲ್ಲಿ ದೀಪಾವಳಿ ಬಂದದ್ದು ಅಕ್ಟೋಬರ್ 23ರಂದು. 2015ರಲ್ಲಿ ನವೆಂಬರ್ 11ರಂದು.

'ಕಳೆದ ವರ್ಷದ ಇದೇ ತಿಂಗಳು' ಎಂಬ ಹೋಲಿಕೆ ನಮಗೆಲ್ಲ ಚಿರಪರಿಚಿತ. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಅದನ್ನು ದಿನವೂ ನೋಡುತ್ತೇವೆ. ಈ ಹೋಲಿಕೆ ಎಲ್ಲಿಂದ ಬಂತು, ತಾರೀಖು ಬದಲಿಸುವ ಹಬ್ಬಗಳ ಮುಂದೆ ಅದು ಹೇಗೆ ಎಡವಿತು, ಸಂಖ್ಯಾಶಾಸ್ತ್ರಜ್ಞರು ಅದನ್ನು ಹೇಗೆ ಸರಿಪಡಿಸಿದರು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹವಾಮಾನ ವಿಜ್ಞಾನಿಯ ಕೋಷ್ಟಕ

ಬೈಸ್ ಬ್ಯಾಲೆಟ್ ಎಂಬ ಡಚ್ ವಿಜ್ಞಾನಿಯ ಹೆಸರನ್ನು ಭೂಗೋಳದ ಅಧ್ಯಾಪಕರು ಬಲ್ಲರು. ಗಾಳಿಗೆ ಬೆನ್ನು ಮಾಡಿ ನಿಂತರೆ ಉತ್ತರ ಗೋಳಾರ್ಧದಲ್ಲಿ ಕಡಿಮೆ ಒತ್ತಡದ ಪ್ರದೇಶ ಎಡಕ್ಕಿರುತ್ತದೆ ಎಂಬ ನಿಯಮ ಅವನ ಹೆಸರಿನಲ್ಲಿದೆ. ಅದೇ ಬೈಸ್ ಬ್ಯಾಲೆಟ್ 1847ರಲ್ಲಿ ಉಷ್ಣತೆಯ ಆವರ್ತಕ ಬದಲಾವಣೆಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದ. ಆವರ್ತಕವಾಗಿ ಬದಲಾಗುವ ಅಳತೆಗಳನ್ನು ಚೌಕುಳಿಗಳಲ್ಲಿ ಜೋಡಿಸುವ ಅವನ ಕ್ರಮ ಇಂದಿಗೂ 'ಬೈಸ್ ಬ್ಯಾಲೆಟ್ ಕೋಷ್ಟಕ' ಎಂದೇ ಪ್ರಸಿದ್ಧ.

ಈ ಕೋಷ್ಟಕ ಬಹಳ ಸರಳ. ಪ್ರತಿ ವರ್ಷಕ್ಕೆ ಒಂದು ಅಡ್ಡಸಾಲು, ಪ್ರತಿ ತಿಂಗಳಿಗೆ ಒಂದು ಕಂಬಸಾಲು. ಏಪ್ರಿಲ್ ಕಂಬಸಾಲಿನ ಸರಾಸರಿ ತೆಗೆದರೆ ಏಪ್ರಿಲ್‌ನ ಸಹಜ ಉಷ್ಣತೆ ಸಿಗುತ್ತದೆ. ಒಂದು ಏಪ್ರಿಲನ್ನು ಅದರ ಮೇಲಿನ ಸಾಲಿನ ಏಪ್ರಿಲ್‌ನೊಂದಿಗೆ ಹೋಲಿಸಿದರೆ ಈ ವರ್ಷ ಸೆಕೆ ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಇದರ ಹಿಂದೆ ಒಂದು ಊಹೆ ಇದೆ: ಒಂದೇ ಕಂಬಸಾಲಿನಲ್ಲಿರುವ ಎಲ್ಲ ಮನೆಗಳೂ ಒಂದೇ ಸ್ಥಿತಿಯವು. ಉಷ್ಣತೆಯ ಮಟ್ಟಿಗೆ ಈ ಊಹೆ ನ್ಯಾಯವಾದದ್ದೇ. ಪ್ರತಿ ವರ್ಷದ ಏಪ್ರಿಲ್ 10ರಂದು ಸೂರ್ಯ ಆಕಾಶದಲ್ಲಿ ಹೆಚ್ಚುಕಡಿಮೆ ಅದೇ ಸ್ಥಾನದಲ್ಲಿರುತ್ತಾನೆ.

ಈ ಆಲೋಚನೆ ವ್ಯಾಪಾರದ ಅಂಕಿಗಳಿಗೂ ವ್ಯಾಪಿಸಿತು. 1862ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ವಾಣಿಜ್ಯದಲ್ಲಿಯ ಆವರ್ತಕ ಏರಿಳಿತಗಳನ್ನು ಪರಿಶೀಲಿಸಿದ. 1919ರಲ್ಲಿ ಅಮೆರಿಕದ ವಾರನ್ ಪರ್ಸನ್ಸ್, 1931ರಲ್ಲಿ ಫ್ರೆಡರಿಕ್ ಮೆಕಾಲೆ ಋತುಮಾನದ ಪ್ರಭಾವವನ್ನು ಅಂಕಿಗಳಿಂದ ಬೇರ್ಪಡಿಸುವ ವಿಧಾನಗಳನ್ನು ಕೊಟ್ಟರು. ಮೆಕಾಲೆಯ ವಿಧಾನದಲ್ಲಿ ಮೊದಲು ಹನ್ನೆರಡು ತಿಂಗಳ ಚಲಿಸುವ ಸರಾಸರಿ ತೆಗೆಯಬೇಕು. ಪ್ರತಿ ತಿಂಗಳ ಅಂಕಿಯನ್ನು ಆ ಸರಾಸರಿಯಿಂದ ಭಾಗಿಸಬೇಕು. ಆಮೇಲೆ ಎಲ್ಲ ಏಪ್ರಿಲ್‌ಗಳ ಅನುಪಾತಗಳನ್ನು ಸರಾಸರಿ ಮಾಡಿದರೆ ಅದೇ ಏಪ್ರಿಲ್‌ನ ಋತುಮಾನದ ಗುಣಾಂಕ. ಅಂದರೆ ಇಲ್ಲಿಯೂ ಕೆಲಸ ಮಾಡುವುದು ಬೈಸ್ ಬ್ಯಾಲೆಟ್‌ನ ಕಂಬಸಾಲುಗಳೇ.

ಚಂದ್ರ ಒಪ್ಪದ ಲೆಕ್ಕ

ಸೂರ್ಯನಿಗೆ ಒಪ್ಪುವ ಕೋಷ್ಟಕ ಚಂದ್ರನಿಗೆ ಒಪ್ಪುವುದಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ ಹೋಲಿಸಿದರೆ ಸುಮಾರು 11 ದಿನ ಕಡಿಮೆ. ಆದ್ದರಿಂದ ದೀಪಾವಳಿ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ 10ರಿಂದ 12 ದಿನ ಮೊದಲೇ ಬರುತ್ತದೆ. ಹೀಗೆಯೇ ಬಿಟ್ಟರೆ ಹಬ್ಬ ಮಳೆಗಾಲಕ್ಕೆ ಸರಿದುಹೋಗುತ್ತದೆ. ಹಾಗಾಗದಂತೆ 19 ವರ್ಷಗಳಲ್ಲಿ 7 ಅಧಿಕಮಾಸಗಳು ಸೇರುತ್ತವೆ. ಅಧಿಕಮಾಸ ಬಂದ ವರ್ಷ ದೀಪಾವಳಿ ಒಮ್ಮೆಲೇ 18-19 ದಿನ ಮುಂದಕ್ಕೆ ಜಿಗಿಯುತ್ತದೆ. 2015ರಲ್ಲಿ ಅಧಿಕ ಆಷಾಢ ಬಂದಿತ್ತು. ಅಕ್ಟೋಬರ್ 23ರಿಂದ ನವೆಂಬರ್ 11ಕ್ಕೆ ಆದ ಜಿಗಿತ ಸರಿಯಾಗಿ 19 ದಿನ.

ಕ್ರೈಸ್ತರ ಈಸ್ಟರ್ ಹಬ್ಬವೂ ಚಂದ್ರನಿಗೆ ಕಟ್ಟುಬಿದ್ದಿದೆ. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. (ಈ ಹುಣ್ಣಿಮೆಯನ್ನು ನಿರ್ಣಯಿಸುವುದು ಚರ್ಚಿನ ಗಣಿತದಿಂದ, ವೀಕ್ಷಣೆಯಿಂದಲ್ಲ.) ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಪಾಶ್ಚಾತ್ಯ ದೇಶಗಳಲ್ಲಿ ಈಸ್ಟರ್‌ಗೆ ಮೊದಲು ಬಟ್ಟೆ, ಮಿಠಾಯಿ, ಮಾಂಸದ ವ್ಯಾಪಾರ ಜೋರು. 2008ರಲ್ಲಿ ಈಸ್ಟರ್ ಮಾರ್ಚ್ 23ರಂದು ಬಂತು. 2009ರಲ್ಲಿ ಏಪ್ರಿಲ್ 12ಕ್ಕೆ ಹೋಯಿತು. ಆ ಎರಡು ವರ್ಷಗಳ ಮಾರ್ಚ್‌ಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹಬ್ಬದ ತಿಂಗಳನ್ನು ಹಬ್ಬವಿಲ್ಲದ ತಿಂಗಳಿನೊಂದಿಗೆ ಹೋಲಿಸಿದಂತಾಗುತ್ತದೆ.

ಒಂದು ಬಟ್ಟೆ ಅಂಗಡಿಯ ಐದು ವಾರ

ತಿಂಗಳ ಲೆಕ್ಕಕ್ಕಿಂತ ವಾರದ ಲೆಕ್ಕದಲ್ಲಿ ಈ ದೋಷ ಇನ್ನೂ ಉಗ್ರವಾಗುತ್ತದೆ. ಇಂದು ದೊಡ್ಡ ಅಂಗಡಿಗಳ ಕಂಪ್ಯೂಟರ್‌ಗಳು ಪ್ರತಿ ಸೋಮವಾರ ಹೊಸ ನಕ್ಷೆ ಬರೆಯುತ್ತವೆ. ಮುಗಿದ ವಾರವನ್ನು 52 ವಾರಗಳ, ಅಂದರೆ 364 ದಿನಗಳ, ಹಿಂದಿನ ವಾರದೊಂದಿಗೆ ಹೋಲಿಸುತ್ತವೆ. ಒಂದು ಕಲ್ಪಿತ ಬಟ್ಟೆ ಅಂಗಡಿಯನ್ನು ತೆಗೆದುಕೊಳ್ಳೋಣ. ಸಾಮಾನ್ಯ ವಾರದಲ್ಲಿ ಅದರ ವ್ಯಾಪಾರ 1 ಲಕ್ಷ ರೂಪಾಯಿ. ದೀಪಾವಳಿಗೆ ಎರಡು ವಾರ ಮೊದಲು 2 ಲಕ್ಷ, ಹಬ್ಬಕ್ಕೆ ಹತ್ತಿರದ ವಾರ 3 ಲಕ್ಷ. ಲೆಕ್ಕ ಸರಳವಾಗಿರಲೆಂದು ದಸರೆಯ ವ್ಯಾಪಾರವನ್ನು ಸದ್ಯಕ್ಕೆ ಬಿಟ್ಟುಬಿಡೋಣ.

2022ರ ದೀಪಾವಳಿ ಅಕ್ಟೋಬರ್ 24, ಸೋಮವಾರ. 2023ರದು ನವೆಂಬರ್ 12, ಭಾನುವಾರ. 2023ರಲ್ಲಿ ಅಂಗಡಿಯ ವ್ಯಾಪಾರ ಎಲ್ಲ ಬಗೆಯ ವಾರಗಳಲ್ಲಿಯೂ ಸಮನಾಗಿ ಶೇಕಡಾ 10ರಷ್ಟು ಬೆಳೆದಿದೆ ಎಂದಿಟ್ಟುಕೊಳ್ಳೋಣ. ಆಗ ನಕ್ಷೆಗೆ ಸಿಗುವ ಅಂಕಿಗಳು ಹೀಗಿರುತ್ತವೆ (ವ್ಯಾಪಾರ ಲಕ್ಷ ರೂಪಾಯಿಗಳಲ್ಲಿ):

| 2023ರ ವಾರ | 2022ರ ವ್ಯಾಪಾರ | 2023ರ ವ್ಯಾಪಾರ | ಬದಲಾವಣೆ (ಶೇ.) |
|---|---|---|---|
| ಅಕ್ಟೋಬರ್ 9–15 | 2.0 | 1.1 | −45 |
| ಅಕ್ಟೋಬರ್ 16–22 | 3.0 | 1.1 | −63 |
| ಅಕ್ಟೋಬರ್ 23–29 | 1.0 | 1.1 | +10 |
| ಅಕ್ಟೋಬರ್ 30–ನವೆಂಬರ್ 5 | 1.0 | 2.2 | +120 |
| ನವೆಂಬರ್ 6–12 | 1.0 | 3.3 | +230 |

ಐದು ವಾರಗಳಲ್ಲಿ ಒಂದೇ ಒಂದು ವಾರ ನಿಜ ಹೇಳುತ್ತಿದೆ, ಅದೂ ಎರಡು ವರ್ಷಗಳಲ್ಲಿಯೂ ಹಬ್ಬದ ಖರೀದಿ ಇಲ್ಲದ ವಾರ. ಅಕ್ಟೋಬರ್ 23ರ ಬೆಳಿಗ್ಗೆ ನಕ್ಷೆ ನೋಡಿದ ಮಾಲೀಕ ಗಾಬರಿಯಾಗುತ್ತಾನೆ. ಸರಕು ತರಿಸುವುದನ್ನು ನಿಲ್ಲಿಸಿಬಿಟ್ಟರೆ ಹಬ್ಬದ ವಾರಕ್ಕೆ ಕಪಾಟು ಖಾಲಿ! ನವೆಂಬರ್ 13ರ ಬೆಳಿಗ್ಗೆ ನೋಡಿದವನು ಹಿಗ್ಗಿ ಹೆಚ್ಚು ಸರಕು ತರಿಸಿದರೆ ಅದು ಮಾರಾಟವಾಗದೆ ಉಳಿಯುತ್ತದೆ.

ಒಟ್ಟು ಮೊತ್ತ ನೋಡಿದರೆ ಸಮಸ್ಯೆ ಬಗೆಹರಿಯುತ್ತದೆಯೆ? ಹೌದು, ಆದರೆ ತಡವಾಗಿ. ಈ ಐದು ವಾರಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದರೆ ಎರಡನೆಯ ವಾರದ ಕೊನೆಗೆ ಶೇಕಡಾ 56ರಷ್ಟು ಇಳಿಕೆ, ಮೂರನೆಯ ವಾರದ ಕೊನೆಗೆ 45ರಷ್ಟು, ನಾಲ್ಕನೆಯದರ ಕೊನೆಗೆ 21ರಷ್ಟು ಇಳಿಕೆ ಕಾಣುತ್ತದೆ. ಐದನೆಯ ವಾರ ಮುಗಿದಾಗ ಮಾತ್ರ 8 ಲಕ್ಷಕ್ಕೆ ಪ್ರತಿಯಾಗಿ 8.8 ಲಕ್ಷ, ಅಂದರೆ ನಿಜವಾದ ಶೇಕಡಾ 10ರ ಏರಿಕೆ ಹೊರಬೀಳುತ್ತದೆ. ಹೀಗೆ ಪ್ರತಿವಾರ ನವೀಕರಣಗೊಳ್ಳುವ ನಕ್ಷೆ ನಾಲ್ಕು ವಾರ ಸುಳ್ಳು ಹೇಳಿ ಐದನೆಯ ವಾರ ತಾನಾಗಿಯೇ ಸರಿಯಾಗುತ್ತದೆ. ಆದ್ದರಿಂದಲೇ ಅದರ ದೋಷ ಕಣ್ಣಿಗೆ ಬೀಳುವುದು ಕಡಿಮೆ. ನೋಡುವವರು 'ವ್ಯಾಪಾರ ಚೇತರಿಸಿಕೊಂಡಿತು' ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದು ಕಾಯಿಲೆ ಬಿದ್ದಿರಲೇ ಇಲ್ಲ.

ಇಲ್ಲಿ ಇನ್ನೊಂದು ಬಲೆಯೂ ಇದೆ. ಕೊನೆಯ ಕಂಬಸಾಲಿನ ಐದು ಶೇಕಡಾವಾರುಗಳ ಸರಾಸರಿ ತೆಗೆದರೆ ಸುಮಾರು +50 ಬರುತ್ತದೆ! ಇಳಿಕೆ ಶೇಕಡಾ 100ನ್ನು ದಾಟಲಾರದು, ಏರಿಕೆಗೆ ಅಂಥ ಮಿತಿಯಿಲ್ಲ. ಆದ್ದರಿಂದ ಶೇಕಡಾವಾರುಗಳನ್ನು ಸರಾಸರಿ ಮಾಡಬಾರದು. ರೂಪಾಯಿಗಳನ್ನು ಕೂಡಿಸಿ ಆಮೇಲೆ ಶೇಕಡಾ ತೆಗೆಯಬೇಕು. ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲಿಯೇ ಮಾಡಿ ನೋಡಬಹುದು.

ಕಂಪ್ಯೂಟರ್ ಬಂತು, ಈಸ್ಟರ್ ಉಳಿಯಿತು

ಅಮೆರಿಕದ ಜನಗಣತಿ ಸಂಸ್ಥೆ 1951ರಲ್ಲಿ ಯುನಿವ್ಯಾಕ್ ಕಂಪ್ಯೂಟರನ್ನು ಪಡೆಯಿತು. ಅಲ್ಲಿದ್ದ ಜೂಲಿಯಸ್ ಶಿಸ್ಕಿನ್ 1954ರಲ್ಲಿ ಮೆಕಾಲೆಯ ವಿಧಾನವನ್ನು ಕಂಪ್ಯೂಟರಿಗೆ ಅಳವಡಿಸಿದ. ಕೈಲೆಕ್ಕದಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಯಂತ್ರಕ್ಕೆ ಸುಲಭವಾಯಿತು. ಸುಧಾರಣೆಗಳ ಸರಣಿಯಲ್ಲಿ 1965ರಲ್ಲಿ ಬಂದ ಎಕ್ಸ್-11 ಎಂಬ ಕ್ರಮವಿಧಿ ಹಲವು ದೇಶಗಳ ಸಾಂಖ್ಯಿಕ ಕಚೇರಿಗಳಲ್ಲಿ ಬಳಕೆಗೆ ಬಂತು. ಒಂದು ತಿಂಗಳಲ್ಲಿ ಎಷ್ಟು ಶನಿವಾರ, ಎಷ್ಟು ಭಾನುವಾರ ಎಂಬುದರಿಂದ ವ್ಯಾಪಾರದಲ್ಲಿ ಆಗುವ ವ್ಯತ್ಯಾಸವನ್ನೂ ಅದು ಅಂದಾಜು ಮಾಡುತ್ತಿತ್ತು.

ಆದರೆ ಋತುಮಾನದ ಗುಣಾಂಕ ಮಾತ್ರ ಕಂಬಸಾಲಿನ ಸರಾಸರಿಯೇ ಆಗಿ ಉಳಿದಿತ್ತು. ಈಸ್ಟರ್ ಕೆಲವು ವರ್ಷ ಮಾರ್ಚ್ ಕಂಬಸಾಲಿನಲ್ಲಿ, ಕೆಲವು ವರ್ಷ ಏಪ್ರಿಲ್ ಕಂಬಸಾಲಿನಲ್ಲಿ ಕೂರುತ್ತದೆ. ಸರಾಸರಿ ತೆಗೆದಾಗ ಹಬ್ಬದ ಒಂದು ಪಾಲು ಮಾರ್ಚ್‌ಗೂ ಇನ್ನೊಂದು ಪಾಲು ಏಪ್ರಿಲ್‌ಗೂ ಶಾಶ್ವತವಾಗಿ ಹಂಚಿಹೋಗುತ್ತದೆ. ಹಬ್ಬ ಬಂದ ತಿಂಗಳಿನಿಂದ ಕಳೆಯುವುದು ಕಡಿಮೆಯಾಗುತ್ತದೆ. ಬಾರದ ತಿಂಗಳಿನಿಂದ ಇಲ್ಲದ್ದನ್ನೂ ಕಳೆದಂತಾಗುತ್ತದೆ. ಹೊಂದಾಣಿಕೆ ಮಾಡಿದ ಮೇಲೂ ನಕ್ಷೆಯಲ್ಲಿ ಒಂದು ಗುಂಡಿ, ಒಂದು ದಿಬ್ಬ ಉಳಿದೇ ಇರುತ್ತವೆ.

1983ರಲ್ಲಿ ವಿಲಿಯಂ ಬೆಲ್ ಮತ್ತು ಸ್ಟೀವನ್ ಹಿಲ್ಮರ್ ಇದಕ್ಕೆ ಒಂದು ಅಚ್ಚುಕಟ್ಟಾದ ಮಾದರಿ ಕೊಟ್ಟರು. ಹಬ್ಬವನ್ನು ಋತುವಿನ ಭಾಗವೆಂದು ನೋಡದೆ, ಮೊದಲೇ ತಿಳಿದಿರುವ ಒಂದು ಬೇರೆ ಕಾರಣವೆಂದು ನೋಡುವುದೇ ಅದರ ತಿರುಳು. ಪಂಚಾಂಗ ನಮ್ಮ ಕೈಯಲ್ಲಿದೆಯಲ್ಲ! ಈಸ್ಟರ್‌ಗೆ ಮುಂಚಿನ ಕೆಲವು ದಿನ ವ್ಯಾಪಾರ ಒಂದು ಹೊಸ ಮಟ್ಟಕ್ಕೆ ಏರಿ, ಹಬ್ಬದ ಮುನ್ನಾದಿನದವರೆಗೆ ಅದೇ ಮಟ್ಟದಲ್ಲಿರುತ್ತದೆ ಎಂದು ಭಾವಿಸಲಾಯಿತು. ಆ ದಿನಗಳಲ್ಲಿ ಎಷ್ಟು ಪಾಲು ಮಾರ್ಚ್‌ನಲ್ಲಿ, ಎಷ್ಟು ಪಾಲು ಏಪ್ರಿಲ್‌ನಲ್ಲಿ ಎಂದು ಎಣಿಸಿದರೆ ಸಾಕು. ಎಂಟು ದಿನದ ಅವಧಿ ಇಟ್ಟುಕೊಂಡರೆ, 2008ರಲ್ಲಿ ಎಂಟೂ ದಿನ ಮಾರ್ಚ್‌ನಲ್ಲಿ. 2009ರಲ್ಲಿ ಎಂಟೂ ಏಪ್ರಿಲ್‌ನಲ್ಲಿ. 2010ರಲ್ಲಿ ಈಸ್ಟರ್ ಏಪ್ರಿಲ್ 4ರಂದು ಬಂದದ್ದರಿಂದ ಮಾರ್ಚ್‌ಗೆ 5 ದಿನ, ಏಪ್ರಿಲ್‌ಗೆ 3 ದಿನ. ಈ ಭಿನ್ನರಾಶಿಗಳಿಂದ ಅವುಗಳ ದೀರ್ಘಕಾಲದ ಸರಾಸರಿಯನ್ನು ಕಳೆದು, ಉಳಿದದ್ದನ್ನು ವ್ಯಾಪಾರದ ಅಂಕಿಗಳಿಗೆ ಹೊಂದಿಸಿ ಹಬ್ಬದ ಪರಿಣಾಮವನ್ನು ಅಳೆಯಲಾಗುತ್ತದೆ. 1990ರ ದಶಕದಲ್ಲಿ ರೂಪುಗೊಂಡ ಎಕ್ಸ್-12-ಅರಿಮಾ ಕ್ರಮವಿಧಿಯಲ್ಲಿಯೂ 2012ರಲ್ಲಿ ಬಂದ ಎಕ್ಸ್-13-ಅರಿಮಾ-ಸೀಟ್ಸ್‌ನಲ್ಲಿಯೂ ಈ ಉಪಾಯ ಸೇರಿದೆ. ಬೇರೆ ಹಬ್ಬಗಳಿಗೆ ಇಂಥದೇ ಭಿನ್ನರಾಶಿಗಳನ್ನು ತಯಾರಿಸಿಕೊಳ್ಳಲು ಅಮೆರಿಕದ ಜನಗಣತಿ ಸಂಸ್ಥೆ ಒಂದು ಪ್ರತ್ಯೇಕ ಕ್ರಮವಿಧಿಯನ್ನೂ ಒದಗಿಸಿದೆ.

ದೀಪಾವಳಿಯ ಭಿನ್ನರಾಶಿ

ಇದೇ ಲೆಕ್ಕವನ್ನು ದೀಪಾವಳಿಗೆ ಅನ್ವಯಿಸೋಣ. ಹಬ್ಬದ ಖರೀದಿ 20 ದಿನ ಮೊದಲು ಆರಂಭವಾಗುತ್ತದೆ ಎಂದು ಭಾವಿಸೋಣ. 2014ರಲ್ಲಿ (ಅಕ್ಟೋಬರ್ 23) ಇಪ್ಪತ್ತೂ ದಿನ ಅಕ್ಟೋಬರ್‌ನಲ್ಲಿ ಬೀಳುತ್ತವೆ. 2015ರಲ್ಲಿ (ನವೆಂಬರ್ 11) ಅಕ್ಟೋಬರ್‌ಗೆ 10, ನವೆಂಬರ್‌ಗೆ 10. 2016ರಲ್ಲಿ (ಅಕ್ಟೋಬರ್ 30) ಮತ್ತೆ ಇಪ್ಪತ್ತೂ ಅಕ್ಟೋಬರ್‌ಗೆ. 2017ರಲ್ಲಿ (ಅಕ್ಟೋಬರ್ 19) ಸೆಪ್ಟೆಂಬರ್‌ಗೆ 2, ಅಕ್ಟೋಬರ್‌ಗೆ 18. 2018ರಲ್ಲಿ (ನವೆಂಬರ್ 7) ಅಕ್ಟೋಬರ್‌ಗೆ 14, ನವೆಂಬರ್‌ಗೆ 6.

ಐದು ವರ್ಷಗಳನ್ನು ಕೂಡಿಸಿದರೆ ನೂರು ದಿನಗಳಲ್ಲಿ ಅಕ್ಟೋಬರ್‌ನ ಪಾಲು 82, ನವೆಂಬರ್‌ನದು 16, ಸೆಪ್ಟೆಂಬರ್‌ನದು 2. ಒಂದು ಅಂಗಡಿಯ ಹಬ್ಬದ ಹೆಚ್ಚುವರಿ ವ್ಯಾಪಾರ ಪ್ರತಿ ವರ್ಷವೂ 10 ಲಕ್ಷ ಎಂದುಕೊಂಡರೆ, ಕಂಬಸಾಲಿನ ಸರಾಸರಿಯ ಪ್ರಕಾರ ಅಕ್ಟೋಬರ್‌ನಲ್ಲಿ 8.2 ಲಕ್ಷ ನಿರೀಕ್ಷಿತ. ಆದರೆ 2015ರ ಅಕ್ಟೋಬರ್‌ನಲ್ಲಿ ಬಂದದ್ದು 5 ಲಕ್ಷ ಮಾತ್ರ. ಕಡಿಮೆ ಬಿದ್ದ 3.2 ಲಕ್ಷವನ್ನು ಹಳೆಯ ವಿಧಾನ 'ಮಂದಗತಿ' ಎಂದು ಓದುತ್ತದೆ. ಹೊಸ ವಿಧಾನ 'ಹಬ್ಬ ಮುಂದಕ್ಕೆ ಹೋಗಿದೆ' ಎಂದು ಓದುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ ಕೂಡ ಮಾಸಿಕ ಅಂಕಿಗಳ ಋತುಮಾನದ ಗುಣಾಂಕಗಳನ್ನು ಲೆಕ್ಕ ಹಾಕುವಾಗ ಎಕ್ಸ್-13 ವಿಧಾನದೊಳಗೆ ದೀಪಾವಳಿಯ ಪರಿಣಾಮವನ್ನು ಸೇರಿಸಿದೆ.

ಈಗ ಮೊದಲ ಒಗಟಿಗೆ ಮರಳೋಣ. ಅಂಗಡಿಯಲ್ಲಿ ಹಬ್ಬ ವ್ಯಾಪಾರವನ್ನು ಹೆಚ್ಚಿಸಿದರೆ, ಕಾರ್ಖಾನೆಯಲ್ಲಿ ರಜೆಯ ಕಾರಣ ಉತ್ಪಾದನೆಯನ್ನು ತಗ್ಗಿಸುತ್ತದೆ. 2014ರಲ್ಲಿ ದಸರೆ, ದೀಪಾವಳಿ ಎರಡೂ ಅಕ್ಟೋಬರ್‌ನಲ್ಲಿಯೇ ಬಂದವು. ಆ ಅಕ್ಟೋಬರ್‌ನ ಮೊದಲ ಅಂದಾಜು ಶೇಕಡಾ 4.2ರ ಇಳಿಕೆ, ನವೆಂಬರ್‌ನದು 3.8ರ ಏರಿಕೆ. ಮರುವರ್ಷ ಹಬ್ಬವಿಲ್ಲದ ಅಕ್ಟೋಬರ್ ದಿನಗಳನ್ನು ಹಬ್ಬವಿದ್ದ ದಿನಗಳೊಂದಿಗೆ ಹೋಲಿಸಿದಾಗ 9.8ರ ಏರಿಕೆ, ನವೆಂಬರ್‌ನಲ್ಲಿ 3.2ರ ಇಳಿಕೆ. ಒಂದೇ ಗುಂಡಿ ಎರಡು ಬಾರಿ ಕಾಣಿಸಿಕೊಂಡಿತು: ಮೊದಲು ಇಳಿಕೆಯಾಗಿ, ಮರುವರ್ಷ ಹೋಲಿಕೆಯ ತಳಹದಿಯಾಗಿ ಏರಿಕೆಯ ವೇಷದಲ್ಲಿ. 2015ರ ಎರಡು ತಿಂಗಳುಗಳನ್ನು ಒಟ್ಟಿಗೆ ನೋಡಿದರೆ ಬೆಳವಣಿಗೆ ಸುಮಾರು ಶೇಕಡಾ 3ರ ಆಸುಪಾಸು. ಅಲ್ಲಿ ಉತ್ಕರ್ಷವೂ ಇರಲಿಲ್ಲ, ಕುಸಿತವೂ ಇರಲಿಲ್ಲ. ಹಾಗೆಂದು ಎಲ್ಲವನ್ನೂ ದೀಪಾವಳಿಯ ತಲೆಗೆ ಕಟ್ಟುವಂತಿಲ್ಲ. 2015ರ ನವೆಂಬರ್‌ನಲ್ಲಿ ಚೆನ್ನೈ ಭಾಗದಲ್ಲಿ ಸುರಿದ ಭಾರಿ ಮಳೆಯೂ ಉತ್ಪಾದನೆಗೆ ಪೆಟ್ಟು ಕೊಟ್ಟಿತ್ತು.

ಗುರುತಿಸುವುದು ಹೇಗೆ?

ಪಕ್ಕಪಕ್ಕದ ಅವಧಿಗಳಲ್ಲಿ ಒಂದು ದೊಡ್ಡ ಇಳಿಕೆ, ಒಂದು ದೊಡ್ಡ ಏರಿಕೆ ಜೋಡಿಯಾಗಿ ಕಂಡರೆ ಮೊದಲು ಪಂಚಾಂಗ ತೆರೆಯಬೇಕು. ಎರಡು ವರ್ಷಗಳ ಹಬ್ಬದ ದಿನಗಳೆರಡನ್ನೂ ಒಳಗೊಳ್ಳುವಷ್ಟು ಅಗಲದ ಅವಧಿಯನ್ನು ಕೂಡಿಸಿದಾಗ ಜೋಡಿ ಮಾಯವಾದರೆ ಅದು ಹಬ್ಬದ ಆಟ. ಚೀನಾದ ಸಾಂಖ್ಯಿಕ ಕಚೇರಿ ಕೈಗಾರಿಕಾ ಉತ್ಪಾದನೆ ಮತ್ತು ಚಿಲ್ಲರೆ ಮಾರಾಟದ ಅಂಕಿಗಳಲ್ಲಿ ಜನವರಿ-ಫೆಬ್ರವರಿಗಳನ್ನು ಒಟ್ಟಿಗೆ ಪ್ರಕಟಿಸುವುದು ಇದೇ ಕಾರಣಕ್ಕೆ. ಅಲ್ಲಿನ ವಸಂತೋತ್ಸವ ಆ ಎರಡು ತಿಂಗಳ ನಡುವೆ ಓಡಾಡುತ್ತಿರುತ್ತದೆ.

ವಾರದ ನಕ್ಷೆಗೆ ಇನ್ನೊಂದು ಉಪಾಯವಿದೆ. ತಾರೀಖಿನ ಬದಲು ಹಬ್ಬದ ದಿನವನ್ನು ಸೊನ್ನೆ ಎಂದಿಟ್ಟು, 'ಹಬ್ಬಕ್ಕೆ ಇಷ್ಟು ದಿನ ಮೊದಲು' ಎಂದು ಎಣಿಸುವುದು. ನಮ್ಮ ಬಟ್ಟೆ ಅಂಗಡಿಯ ಅಂಕಿಗಳನ್ನು ಹೀಗೆ ಜೋಡಿಸಿದರೆ 2ಕ್ಕೆ 2.2, 3ಕ್ಕೆ 3.3 ಎದುರುಬದುರಾಗಿ ಕೂರುತ್ತವೆ. ಎಲ್ಲೆಡೆ ಶೇಕಡಾ 10 ಸಿಗುತ್ತದೆ.

ಈ ಉಪಾಯಗಳಿಗೂ ಮಿತಿಗಳಿವೆ. ಹಬ್ಬವನ್ನು ಎದುರುಬದುರು ಕೂರಿಸಿದರೆ ಸಂಬಳದ ದಿನ, ಮಳೆ, ಸುಗ್ಗಿ ಇವು ಪಕ್ಕಕ್ಕೆ ಸರಿಯುತ್ತವೆ. ಅಕ್ಟೋಬರ್ 24ರ ಹಬ್ಬದ ಖರೀದಿ ತಿಂಗಳ ಕೊನೆಯ ಕೈಯಿಂದ, ನವೆಂಬರ್ 12ರದು ಹೊಸ ಸಂಬಳದಿಂದ. ಇವೆರಡೂ ಸಮಾನವಾಗಬೇಕೆಂದಿಲ್ಲ. ನಾವು ಬಿಟ್ಟ ದಸರೆಯನ್ನು ಮರಳಿ ತಂದರೆ, ದೀಪಾವಳಿಗೆ ಸುಮಾರು ಮೂರು ವಾರ ಮೊದಲು ಇನ್ನೊಂದು ದಿಬ್ಬ ಎದ್ದು ಎರಡರ ಪರಿಣಾಮಗಳನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ವರ್ಷಗಳ ಅಂಕಿ ಇದ್ದರೂ ದೀಪಾವಳಿಗಳು ಹತ್ತೇ. ಅಷ್ಟು ಕಡಿಮೆ ಮಾದರಿಯಿಂದ ಖರೀದಿ 15 ದಿನ ಮೊದಲು ಶುರುವಾಗುತ್ತದೆಯೋ 20 ದಿನವೋ ಎಂದು ಖಚಿತವಾಗಿ ಹೇಳಲಾಗದು.

ಅಧ್ಯಾಪಕರು ಶಾಲೆಯ ಸಹಕಾರಿ ಅಂಗಡಿಯದೋ ಊರಿನ ಹೂವಿನ ಅಂಗಡಿಯದೋ ಎರಡು ವರ್ಷದ ವಾರದ ಲೆಕ್ಕ ಸಂಪಾದಿಸಿ, ಒಮ್ಮೆ ತಾರೀಖಿನ ಪ್ರಕಾರ, ಇನ್ನೊಮ್ಮೆ ಹಬ್ಬದ ಪ್ರಕಾರ ನಕ್ಷೆ ಬರೆಯಿಸಬಹುದು. ಅಧಿಕಮಾಸ ಬಂದ ವರ್ಷವೊಂದನ್ನು ಅದರ ಹಿಂದಿನ ವರ್ಷದೊಂದಿಗೆ ಆರಿಸಿಕೊಂಡರೆ ಎರಡು ನಕ್ಷೆಗಳ ಅಂತರ ದೂರದಿಂದಲೇ ಕಾಣುತ್ತದೆ.